ಜಿಮ್‌ಗೆ ಹೆಸರು: ಒಳಗೆ ಯಾರಿದ್ದಾರೆ ಅಂತ ಬೋರ್ಡೇ ಹೇಳುತ್ತದೆ

ಪ್ರಶ್ನೆ: ನಮ್ಮ ಏರಿಯಾದಲ್ಲಿ ಸಣ್ಣ ಜಿಮ್ ಶುರು ಮಾಡ್ತಾ ಇದ್ದೀನಿ. ಬಾಡಿ ಬಿಲ್ಡರ್‌ಗಳು ಬರಲಿ, ಬೇಡ ಅನ್ನಲ್ಲ. ಆದರೆ ಯಾವತ್ತೂ ಜಿಮ್ ಮೆಟ್ಟಿಲು ಹತ್ತದವರು, ಐವತ್ತು ಅರವತ್ತು ದಾಟಿದವರು ಜಾಸ್ತಿ ಬರಬೇಕು ಅಂತ ಆಸೆ. ಐರನ್ ಬೀಸ್ಟ್, ಸೀನಿಯರ್ ಫಿಟ್‌ನೆಸ್, ಚೈತನ್ಯ, ಹೆಜ್ಜೆ – ಈ ನಾಲ್ಕು ಹೆಸರು ಬರೆದಿಟ್ಟಿದ್ದೀನಿ. ಯಾವುದು ಇಡಲಿ?

ನಾಲ್ಕನ್ನೂ ಬಿಡಿ ಅಂತಲೇ ನನ್ನ ಸಲಹೆ. ಯಾಕೆ ಅಂತ ಹೇಳುತ್ತೇನೆ.

ನಾನು 11 ವರ್ಷ ಒಂದು ಸಣ್ಣ ಜಿಮ್ ನಡೆಸಿದ್ದೇನೆ. ಮೊದಲ ನಾಲ್ಕು ವರ್ಷ ನಮ್ಮ ಬೋರ್ಡಿನಲ್ಲೂ 'ಐರನ್' ಅನ್ನುವ ಪದ ಇತ್ತು. ಪಕ್ಕದಲ್ಲಿ ಮಡಚಿದ ತೋಳಿನ ಚಿತ್ರ. ಒಬ್ಬ ಹುಡುಗನನ್ನು ಅವನ ಅಜ್ಜಿ ದಿನಾ ಕರೆದುಕೊಂಡು ಬರುತ್ತಿದ್ದರು. ಅವನು ಮುಗಿಸುವವರೆಗೂ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಏಳುವಾಗ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದರು. ಒಂದು ದಿನ 'ಒಳಗೆ ಬನ್ನಿ ಅಮ್ಮ, ನಿಮಗೂ ಒಂದಿಷ್ಟು ವ್ಯಾಯಾಮ ಹೇಳಿಕೊಡುತ್ತೇನೆ' ಅಂದೆ. ಅವರು ಬೋರ್ಡಿನ ಕಡೆ ಕೈ ತೋರಿಸಿ, 'ಇದು ನಮ್ಮಂಥವರಿಗಲ್ಲ ಅಲ್ವಾ?' ಅಂದರು. ಕುರ್ಚಿಯಿಂದ ಸಲೀಸಾಗಿ ಏಳುವುದನ್ನು ಕಲಿಸುವುದು ನನಗೆ ಗೊತ್ತಿತ್ತು. ಬೆಳಗ್ಗೆ ಹತ್ತರ ಮೇಲೆ ಜಿಮ್ ಖಾಲಿಯೂ ಇರುತ್ತಿತ್ತು. ಇದ್ಯಾವುದೂ ಹೊರಗೆ ಕೂತ ಅವರಿಗೆ ಕಾಣುವಂತಿರಲಿಲ್ಲ. ಅವರಿಗೆ ಕಂಡಿದ್ದು ಬೋರ್ಡು ಮಾತ್ರ.

ಆವತ್ತಿನಿಂದ ನಾನು ಹೆಸರನ್ನು ನೋಡುವ ರೀತಿಯೇ ಬದಲಾಯಿತು. ಹೊಸಬರು ಜಿಮ್ ಬೋರ್ಡು ಓದಿದಾಗ ಹೆಸರು ಚೆನ್ನಾಗಿದೆಯಾ ಅಂತ ಯೋಚಿಸುವುದಿಲ್ಲ. 'ಒಳಗೆ ಯಾರಿರುತ್ತಾರೆ? ನನ್ನಂಥವರು ಇದ್ದಾರಾ?' ಅಂತ ಯೋಚಿಸುತ್ತಾರೆ. ಅವರಿಗೆ ನಿಜವಾಗಿ ಇರುವ ಭಯ ಭಾರ ಎತ್ತುವುದಲ್ಲ, ಎಲ್ಲರೂ ತಮ್ಮನ್ನೇ ನೋಡುತ್ತಾರೆ ಅನ್ನುವುದು. ನಿಮ್ಮ ಹೆಸರು ಆ ಪ್ರಶ್ನೆಗೆ ಉತ್ತರ ಕೊಡಬೇಕು.

ಹಾಗೆ ನೋಡಿದರೆ ಐರನ್ ಬೀಸ್ಟ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಬೀಸ್ಟ್, ಮಸಲ್, ಪವರ್, ಎಕ್ಸ್‌ಟ್ರೀಮ್, ಇವೆಲ್ಲ ಈಗಾಗಲೇ ಗಟ್ಟಿ ಇರುವವರನ್ನು ಕರೆಯುವ ಪದಗಳು. ಗರಡಿ ಅನ್ನುವ ನಮ್ಮದೇ ಒಳ್ಳೆಯ ಪದ ಇದೆ, ಆದರೆ ಅದನ್ನು ಕೇಳಿದ ಕೂಡಲೇ ಕುಸ್ತಿ ಪೈಲ್ವಾನರೇ ಕಣ್ಣಿಗೆ ಬರುತ್ತಾರೆ.

ಸೀನಿಯರ್ ಫಿಟ್‌ನೆಸ್ ಹೆಸರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನವರು ಮಾಡುವ ತಪ್ಪು ಇದೇ. ವಯಸ್ಸಾದವರಿಗೆ ಅಂತ ಬರೆದರೆ ವಯಸ್ಸಾದವರು ಬರುತ್ತಾರೆ ಅಂತ ನಮಗೆ ಅನಿಸುತ್ತದೆ. ಆದರೆ 62 ವರ್ಷದವರಿಗೆ ವಯಸ್ಸಾದವರು ಅಂದರೆ 75 ದಾಟಿದವರು. 75 ದಾಟಿದವರಿಗೆ ಅದು ಹಾಸಿಗೆ ಹಿಡಿದವರು. 1950ರ ದಶಕದಲ್ಲಿ ಅಮೆರಿಕದ ಹೈಂಜ್ ಕಂಪನಿ, ವಯಸ್ಸಾದ ಕೆಲವರು ಮಕ್ಕಳ ಆಹಾರದ ಡಬ್ಬಿ ಕೊಳ್ಳುತ್ತಿರುವುದನ್ನು ಗಮನಿಸಿ, ಅವರಿಗೆಂದೇ 'ಸೀನಿಯರ್ ಫುಡ್ಸ್' ಅಂತ ಮೆತ್ತನೆಯ ಆಹಾರ ತಂದಿತು. ಅದು ಸೋತಿತು. ಮಕ್ಕಳ ಆಹಾರದ ಡಬ್ಬಿಯನ್ನು ಮೊಮ್ಮಗುವಿಗೆ ಅಂತ ಹೇಳಿ ಕೊಳ್ಳಬಹುದು. ಸೀನಿಯರ್ ಅಂತ ಬರೆದ ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟರೆ, ನಾನು ಮುದುಕ ಅಂತ ಒಪ್ಪಿಕೊಂಡ ಹಾಗೆ. ಇದಕ್ಕೆ ಎದುರಾಗಿ, ಅದೇ ದೇಶದಲ್ಲಿ 65 ದಾಟಿದವರಿಗೆಂದು 1992ರಲ್ಲಿ ಶುರುವಾದ ವ್ಯಾಯಾಮ ಕಾರ್ಯಕ್ರಮದ ಹೆಸರು ನೋಡಿ: 'ಸಿಲ್ವರ್ ಸ್ನೀಕರ್ಸ್'. ಅದರಲ್ಲಿ ಸೀನಿಯರ್ ಇಲ್ಲ, ಓಲ್ಡ್ ಇಲ್ಲ. ಬೆಳ್ಳಿ ಬಣ್ಣ ತಲೆಕೂದಲನ್ನು ಸುಮ್ನೆ ನೆನಪಿಸುತ್ತದೆ, ಕಣ್ಣ ಮುಂದೆ ಬರುವುದು ಮಾತ್ರ ಓಡಾಡುವ ಶೂ.

ಇದೇ ಕಾರಣಕ್ಕೆ ಹೆಸರಲ್ಲಿ ಬಿಗಿನರ್ ಅನ್ನುವ ಪದವೂ ಬೇಡ. ಹೊಸದಾಗಿ ಸೇರಿದವರು ಆರು ತಿಂಗಳಿಗೆ ಹೊಸಬರಾಗಿ ಉಳಿದಿರುವುದಿಲ್ಲ. ಆಗ ಹೆಸರೇ ಅವರನ್ನು ಬೇರೆ ಜಿಮ್‌ಗೆ ಕಳಿಸುತ್ತದೆ. ಥೆರಪಿ, ಕ್ಲಿನಿಕ್, ಕೇರ್ ಅಂಥ ಪದಗಳನ್ನೂ ದೂರ ಇಡಿ. ಆರೋಗ್ಯವಾಗಿರುವವರು ಒಳಗೆ ಬರುವುದಿಲ್ಲ, ನೋವು ಇರುವವರು ಚಿಕಿತ್ಸೆ ಕೇಳಿಕೊಂಡು ಬರುತ್ತಾರೆ. ಪರವಾನಗಿ ಇಲ್ಲದೆ ಆ ಪದಗಳನ್ನು ಬಳಸಿದರೆ ಕಾನೂನಿನ ತೊಂದರೆಯೂ ಆಗಬಹುದು.

ಇನ್ನು ಚೈತನ್ಯ ಮತ್ತು ಹೆಜ್ಜೆ. ಇವು ಹೆದರಿಸುವುದಿಲ್ಲ, ನಿಜ. ಆದರೆ ಇವನ್ನು ಮಾತ್ರ ಕೇಳಿದವರಿಗೆ ಜಿಮ್ ಅಂತ ಹೊಳೆಯುವುದೇ ಇಲ್ಲ. ಚೈತನ್ಯ ಅಂದರೆ ಆಸ್ಪತ್ರೆ ಇರಬಹುದು, ಧ್ಯಾನ ಕೇಂದ್ರ ಇರಬಹುದು, ಮಾಲೀಕರ ಮಗನ ಹೆಸರೂ ಇರಬಹುದು. ಹೆಜ್ಜೆ ಅಂದರೆ ಡಾನ್ಸ್ ಕ್ಲಾಸು ಅಥವಾ ಚಿಕ್ಕ ಮಕ್ಕಳ ಶಾಲೆ. ಹೆದರಿಸಬಾರದು ಅಂತ ಹೊರಟಾಗ ಬರುವ ಎರಡನೇ ತಪ್ಪು ಇದು. ಹೆಸರು ಎಷ್ಟು ಮೆತ್ತಗಾಗುತ್ತದೆ ಅಂದರೆ ಅದರಿಂದ ದೇಹದ ಬಲವೇ ಮಾಯವಾಗಿಬಿಡುತ್ತದೆ.

ಬಲ ಅನ್ನುವುದನ್ನು ನೀವು ಬಿಟ್ಟುಕೊಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿ, 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಬ್ಯಾಲೆನ್ಸ್ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕು ಅನ್ನುತ್ತದೆ. ಬರೀ ವಾಕಿಂಗ್ ಸಾಲದು. ಅಂದರೆ ನಿಮ್ಮ ಡಂಬೆಲ್ ಅವರಿಗೆ ಬೇಕೇ ಬೇಕು. ಹಾಗಾಗಿ ಹೆಸರಲ್ಲಿ ಬಲ ಇರಬೇಕು, ಆದರೆ ಅವರ ಬಾಯಲ್ಲಿ ಓಡಾಡುವ ಬಲ ಆಗಿರಬೇಕು.

ನಾವು ಹೆಸರು ಬದಲಿಸುವಾಗ ನನಗೆ ದಾರಿ ತೋರಿಸಿದ್ದು ಒಂದು ಸರಳ ಪ್ರಶ್ನೆ. ವಯಸ್ಸಾದವರನ್ನು ಹೊಗಳುವಾಗ ಜನ ಯಾವ ಪದ ಬಳಸುತ್ತಾರೆ? 'ಅವರು ಈ ವಯಸ್ಸಲ್ಲೂ ಎಷ್ಟು ಗಟ್ಟಿಮುಟ್ಟಾಗಿದ್ದಾರೆ ನೋಡು' ಅನ್ನುತ್ತಾರೆ. 'ಎಷ್ಟು ಲವಲವಿಕೆಯಿಂದ ಇದ್ದಾರೆ' ಅನ್ನುತ್ತಾರೆ. 'ಕೈಕಾಲು ಗಟ್ಟಿ ಇರಲಿ' ಅಂತ ಹಾರೈಸುತ್ತಾರೆ. ಯಾರೂ 'ಅವರ ಮಸಲ್ ಚೆನ್ನಾಗಿದೆ' ಅನ್ನುವುದಿಲ್ಲ. ಗಟ್ಟಿಮುಟ್ಟು ಅನ್ನುವ ಪದದಲ್ಲಿ ಬಲವೂ ಇದೆ, ಬಾಳಿಕೆಯೂ ಇದೆ. ಭಾರ ಎತ್ತುವ ಹುಡುಗನಿಗೂ ಅದು ಒಪ್ಪುತ್ತದೆ, ಮಗುವಿಗೂ ಒಪ್ಪುತ್ತದೆ.

ಆದರೆ ನನಗೆ ಇಷ್ಟವಾಯಿತು ಅಂತ ಅದನ್ನೇ ಇಡಲಿಲ್ಲ. ಗಟ್ಟಿಮುಟ್ಟು, ಲವಲವಿಕೆ, ಹುರುಪು, ಈ ಮೂರನ್ನು ಪರೀಕ್ಷೆ ಮಾಡಿದೆ. ನಮ್ಮ ಜಿಮ್‌ಗೆ ಯಾವತ್ತೂ ಬರದ 12 ಜನರನ್ನು ಕೇಳಿದೆ. ಎಂಟು ಜನ 55 ದಾಟಿದವರು, ನಾಲ್ಕು ಜನ ಮೂವತ್ತರ ಆಸುಪಾಸಿನವರು. ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿದೆ, ಗುಂಪಲ್ಲಿ ಕೇಳಿದರೆ ಮೊದಲು ಮಾತಾಡಿದವರ ಹಿಂದೆ ಎಲ್ಲರೂ ಹೋಗುತ್ತಾರೆ. 'ಹೆಸರು ಹೇಗಿದೆ?' ಅಂತ ಕೇಳಲೇಬೇಡಿ. ಮರ್ಯಾದೆಗೆ ಚೆನ್ನಾಗಿದೆ ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ನಾನು ಹೆಸರು ಹೇಳಿ ಮೂರು ಮಾತು ಕೇಳಿದೆ: ಇಲ್ಲಿ ಏನು ನಡೆಯುತ್ತೆ? ಯಾರು ಹೋಗ್ತಾರೆ? ಅವರು ಯಾವ ಬಟ್ಟೆ ಹಾಕಿಕೊಂಡಿರುತ್ತಾರೆ? ಮೂರನೆಯದು ವಿಚಿತ್ರ ಅನಿಸಬಹುದು, ಆದರೆ ನಿಜ ಹೊರಬರುವುದು ಅಲ್ಲೇ. 'ತೋಳಿಲ್ಲದ ಬನಿಯನ್' ಅಂತ ಉತ್ತರ ಬಂದರೆ ಆ ಹೆಸರು ನಿಮಗೆ ಬೇಡ. 'ಮನೆಯಲ್ಲಿ ಹಾಕೋ ಮಾಮೂಲಿ ಬಟ್ಟೆ' ಅಂದರೆ ಸರಿಯಾದ ದಾರಿಯಲ್ಲಿದ್ದೀರಿ.

ಲವಲವಿಕೆ ಕೇಳಿದವರಲ್ಲಿ ಹೆಚ್ಚಿನವರು ಯೋಗ ಅಥವಾ ನಗೆ ಕೂಟ ಅಂದುಕೊಂಡರು. ಹುರುಪು ಯುವಕರಿಗೆ ಹಿಡಿಸಿತು, ದೊಡ್ಡವರಿಗೆ ಕುಣಿತ, ಗದ್ದಲ ನೆನಪಾಯಿತು. ಗಟ್ಟಿಮುಟ್ಟು ಕೇಳಿದವರು ವ್ಯಾಯಾಮದ ಜಾಗ ಅಂದರು, ಮಾಮೂಲಿ ಬಟ್ಟೆ ಅಂದರು. ಆದರೆ ಇಬ್ಬರು ಪಾತ್ರೆ ಅಂಗಡಿ ಇರಬಹುದು ಅಂದರು. ಅದಕ್ಕೇ ಹೆಸರಿನ ಜೊತೆ ಜಿಮ್ ಅನ್ನುವ ಪದ ಸೇರಿಸಿದೆವು. 'ಗಟ್ಟಿಮುಟ್ಟು ಜಿಮ್' ಅಂತ ಮತ್ತೆ ಕೇಳಿದಾಗ ಆ ಗೊಂದಲ ಹೋಯಿತು. ಜಿಮ್ ಅನ್ನುವ ಪದವೇ ಹೆದರಿಸುತ್ತದೆ ಅಂತ ಕೆಲವರು ಅದನ್ನು ಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹತ್ತಿರದ ಜಿಮ್ ಅಂತ ಹುಡುಕುವವರಿಗೆ ನೀವು ಜಿಮ್ ಅಂತ ಗೊತ್ತಾಗಬೇಕಲ್ವಾ? ಅದಕ್ಕಿಂತ ಮೊದಲು ಬರುವ ಪದ ಹೆದರಿಸದಿದ್ದರೆ ಜಿಮ್ ಯಾರನ್ನೂ ಓಡಿಸುವುದಿಲ್ಲ.

ಬೋರ್ಡಿನಲ್ಲಿ ಹೆಸರಿನ ಕೆಳಗೆ ಒಂದು ಸಾಲಿಗೆ ಜಾಗ ಬಿಡಿ. ಹೆಸರಿಗೆ ಹೊರಿಸಲಾಗದ ಭಾರವನ್ನು ಆ ಸಾಲು ಹೊರುತ್ತದೆ. ನಮ್ಮದು 'ಮೊದಲ ಸಲ ಬರುವವರಿಗೆ ಜೊತೆಗೆ ನಿಂತು ಹೇಳಿಕೊಡುತ್ತೇವೆ' ಅಂತ ಇತ್ತು. 'ಎಲ್ಲರಿಗೂ ಸ್ವಾಗತ' ಅಂತ ಬರೆದರೆ ಅದನ್ನು ಯಾರೂ ತಮಗೆ ಹೇಳಿದ್ದು ಅಂದುಕೊಳ್ಳುವುದಿಲ್ಲ. ಅಕ್ಷರದ ಗಾತ್ರವನ್ನೂ ಗಮನಿಸಿ. ಬೋರ್ಡು ಬರೆಯುವವರ ಲೆಕ್ಕದಲ್ಲಿ ಪ್ರತಿ 10 ಅಡಿ ದೂರಕ್ಕೆ ಸುಮಾರು ಒಂದು ಇಂಚು ಎತ್ತರದ ಅಕ್ಷರ ಬೇಕು. 40 ಅಡಿ ಆಚೆ, ರಸ್ತೆಯ ಆ ಬದಿಯಿಂದ ಓದಬೇಕಾದರೆ ನಾಲ್ಕು ಇಂಚು. ಕಣ್ಣು ಮಂಜಾದವರಿಗೆ ಅದಕ್ಕಿಂತ ದೊಡ್ಡದೇ ಇರಲಿ.

ಹೆಸರು ಗಟ್ಟಿ ಮಾಡುವ ಮುಂಚೆ ಇನ್ನೆರಡು ಕೆಲಸ ಇವೆ. ಫೋನಲ್ಲಿ ಒಬ್ಬರಿಗೆ ಒಂದೇ ಸಲ ಹೆಸರು ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಲು ಕೇಳಿ. ಗಟ್ಟಿಮುಟ್ಟು ಇಲ್ಲಿ ಸ್ವಲ್ಪ ಸೋಲುತ್ತದೆ: `Gattimuttu`, `Gatti Muttu`, `Gatimutu`, ಹೀಗೆ ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ. ಒಂದನ್ನು ಆರಿಸಿ ಎಲ್ಲ ಕಡೆ ಅದನ್ನೇ ಬಳಸಿ, ಉಳಿದವನ್ನು ಟೈಪ್ ಮಾಡಿದರೂ ನೀವು ಸಿಗುತ್ತೀರಾ ನೋಡಿ. ಆಮೇಲೆ ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಹುಡುಕಿ. ಜಿಮ್ ಸೇವೆಗಳು 41ನೇ ವರ್ಗದಲ್ಲಿ ಬರುತ್ತವೆ. ನಿಮಗಿಂತ ಮೊದಲು ಯಾರಾದರೂ ಅದೇ ಹೆಸರು, ಅಥವಾ ಕೇಳಲು ಹಾಗೇ ಇರುವ ಹೆಸರು ತೆಗೆದುಕೊಂಡಿದ್ದರೆ ಬೋರ್ಡು ಬರೆಸುವ ಮೊದಲೇ ಗೊತ್ತಾಗಲಿ.

ವಯಸ್ಸಾದವರಿಗೆ ಅಂತಲೇ ಬೇರೆ ಸಮಯ ಇಡುತ್ತೀರಿ ಅಂದುಕೊಳ್ಳುತ್ತೇನೆ. ಆ ಕ್ಲಾಸಿನ ಹೆಸರಲ್ಲೂ ವಯಸ್ಸು ತರಬೇಡಿ, ಕೆಲಸ ತನ್ನಿ. ನಮ್ಮಲ್ಲಿ 'ಹಿರಿಯರ ಬ್ಯಾಚ್' ಅಂತ ಬರೆದಾಗ ಬಂದವರು ಮೂವರು. ಅದೇ ಗಂಟೆ, ಅದೇ ವ್ಯಾಯಾಮ ಇಟ್ಟುಕೊಂಡು 'ಮೆಟ್ಟಿಲು ಹತ್ತೋ ಬಲ' ಅಂತ ಬದಲಿಸಿದ ಮೇಲೆ ಒಂಬತ್ತು ಜನ ಆದರು. ಅವರಲ್ಲಿ ಇಬ್ಬರು ನಲವತ್ತೂ ದಾಟಿರಲಿಲ್ಲ. ಕಟ್ಟೆಯ ಮೇಲೆ ಕೂರುತ್ತಿದ್ದ ಆ ಅಮ್ಮ ಎರಡನೇ ವಾರ ಬಂದರು. 1 ಕಿಲೋ ಡಂಬೆಲ್ ಇದೆಯಾ ಅಂತ ಕೇಳಿದರು. ನಮ್ಮಲ್ಲಿ ಎರಡೂವರೆ ಕಿಲೋದಿಂದ ಶುರುವಾಗುತ್ತಿತ್ತು, ಅವರಿಗಾಗಿ ತರಿಸಬೇಕಾಯಿತು. ನೀವು ಬೋರ್ಡು ಏರಿಸುವ ಮುಂಚೆಯೇ ತರಿಸಿಡಿ.