ಮಂಡ್ಯದಲ್ಲಿ ವೆಲ್ಡಿಂಗ್ ತರಬೇತಿ ಕೇಂದ್ರ: ಬಜೆಟ್ ಎಲ್ಲಿ ತಪ್ಪುತ್ತದೆ?

"ಮಂಡ್ಯದಲ್ಲಿ 20 ಹುಡುಗರ ಬ್ಯಾಚಿಗೆ ಮೂರು ತಿಂಗಳ ವೆಲ್ಡಿಂಗ್ ತರಬೇತಿ ಶುರು ಮಾಡಬೇಕು ಅಂತಿದ್ದೇನೆ. ಬಜೆಟ್ ಹೇಗೆ ಹಾಕಲಿ?"

ಮೊದಲು ವೆಲ್ಡಿಂಗ್ ರಾಡಿನ ಲೆಕ್ಕ ಹಾಕಿ, ಮೆಷಿನ್ ಲೆಕ್ಕ ಆಮೇಲೆ. ನಾನು ಇದನ್ನು ತಿರುಗಾಮುರುಗಾ ಮಾಡಿದ್ದೆ. ಹೊಸ ಮೆಷಿನ್‌ಗಳಿಗೆ ದುಡ್ಡು ಹಾಕಿ, ರಾಡಿಗೆ ಉಳಿದಷ್ಟನ್ನು ಇಟ್ಟೆ. ಎರಡನೇ ತಿಂಗಳಿಗೆ ಒಬ್ಬೊಬ್ಬ ಹುಡುಗನಿಗೆ ದಿನಕ್ಕೆ ಎಂಟು ರಾಡು ಸಿಗೋದೂ ಕಷ್ಟವಾಯಿತು. ಕೊನೆಗೆ ಒಂದು ಕಾರ್ಖಾನೆಯವರು ಪ್ಲೇಟನ್ನು ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ವೆಲ್ಡ್ ಮಾಡಿ ಅಂದರು. ಹೆಚ್ಚಿನವರ ಕೈ ನಡುಗಿತು. ವೆಲ್ಡ್ ಒಡೆದು ನೋಡಿದರೆ ಒಳಗೆಲ್ಲ ಸ್ಲ್ಯಾಗ್, ಅಂದರೆ ರಾಡಿನ ಕಿಟ್ಟ. ಆ ಮಕ್ಕಳ ಮುಖ ಇನ್ನೂ ನೆನಪಿದೆ.

ಕೈ ಕೂರಬೇಕು ಅಂದರೆ ದಿನಕ್ಕೆ 25ರಿಂದ 30 ರಾಡು ಸುಡಬೇಕು. 3.15 ಮಿ.ಮೀ. ರಾಡು ಕೆ.ಜಿ.ಗೆ ಸುಮಾರು 35 ಬರುತ್ತದೆ. ಅಂದರೆ ಒಬ್ಬನಿಗೆ ದಿನಕ್ಕೆ 800 ಗ್ರಾಂ, 20 ಜನಕ್ಕೆ 16 ಕೆ.ಜಿ. ಐವತ್ತು ಪ್ರಾಕ್ಟೀಸ್ ದಿನಕ್ಕೆ 800 ಕೆ.ಜಿ. ನಾವು ಕೊಂಡ 110 ರೂಪಾಯಿ ದರದಲ್ಲಿ 88,000 ಆಗುತ್ತದೆ.

ಇನ್ನು ಪ್ಲೇಟು. 6 ಮಿ.ಮೀ. ದಪ್ಪ, 50 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ತುಂಡು 350 ಗ್ರಾಂ ತೂಗುತ್ತದೆ. ಎರಡೂ ಕಡೆ ಬಳಸಿಸಿದರೂ ಒಬ್ಬನಿಗೆ ದಿನಕ್ಕೆ ನಾಲ್ಕು ತುಂಡು ಬೇಕು. ಒಟ್ಟು 1,400 ಕೆ.ಜಿ., 60 ರೂಪಾಯಿಯಂತೆ 84,000. ಗುಜರಿಗೆ ಹಾಕಿದರೆ ಸ್ವಲ್ಪ ವಾಪಸ್ ಬರುತ್ತದೆ. ಆ ದುಡ್ಡು ಗ್ಲೌಸ್, ಕನ್ನಡಕದ ಗಾಜಿಗೆ ಸರಿಹೋಗುತ್ತದೆ.

ಮೆಷಿನ್ ವಿಷಯಕ್ಕೆ ಬಂದರೆ, 20 ಜನಕ್ಕೆ ಹತ್ತು ಇನ್ವರ್ಟರ್ ಮೆಷಿನ್ ಸಾಕು. ಒಬ್ಬ ಸುಡುವಾಗ ಇನ್ನೊಬ್ಬ ಗ್ರೈಂಡ್ ಮಾಡುತ್ತಾನೆ. ಐದಕ್ಕೆ ಇಳಿಸಬೇಡಿ, ರಾಡಿದ್ದರೂ ಸುಡೋಕೆ ಸಮಯ ಸಿಗಲ್ಲ. ರಾಡಿನ ಬದಲು ತಂತಿಯಿಂದ ವೆಲ್ಡ್ ಮಾಡುವ ಸಿಒ2 ಮೆಷಿನ್ ಒಂದಾದರೂ ಇರಲೇಬೇಕು, ಕಾರ್ಖಾನೆಗಳಲ್ಲಿ ಅದರ ಕೆಲಸ ಜಾಸ್ತಿ. ತ್ರೀ ಫೇಸ್ ಕರೆಂಟಿಗೆ ಸೆಸ್ಕ್‌ನಲ್ಲಿ ಮೊದಲೇ ಅರ್ಜಿ ಹಾಕಿ.

ಮೇಷ್ಟ್ರ ಸಂಬಳದಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಇಬ್ಬರಿಗೆ ತಲಾ 25,000, ಮೂರು ತಿಂಗಳಿಗೆ 1.5 ಲಕ್ಷ ಅಂತ ಬರೆಯುತ್ತಾರೆ. ಆದರೆ ವರ್ಷಕ್ಕೆ ನಡೆಯೋದು ಮೂರೇ ಬ್ಯಾಚು. ನಡುವಿನ ತಿಂಗಳಲ್ಲಿ ಸಂಬಳ ಕೊಡದಿದ್ದರೆ ಒಳ್ಳೆ ವೆಲ್ಡರ್ ನಿಮ್ಮ ಹತ್ತಿರ ಯಾಕಿರುತ್ತಾನೆ? ಹಾಗಾಗಿ ವರ್ಷದ 6 ಲಕ್ಷವನ್ನು ಮೂರರಿಂದ ಭಾಗಿಸಿ, ಬ್ಯಾಚಿಗೆ 2 ಲಕ್ಷ ಬರೆದುಕೊಳ್ಳಿ.

ಕೆಲಸ ಸಿಗುವವರ ಸಂಖ್ಯೆ 20 ಅಂತ ಬರೆಯಬೇಡಿ. ನಮ್ಮ ಕಳೆದ ಬ್ಯಾಚಿನಲ್ಲಿ ಮುಗಿಸಿದ್ದು 17, ಕೆಲಸಕ್ಕೆ ಸೇರಿದ್ದು 12, ಮೂರು ತಿಂಗಳಾದ ಮೇಲೂ ಉಳಿದದ್ದು 9. ಇಲ್ಲೇ ಹತ್ತಿರದ ತೂಬಿನಕೆರೆ ಕಾರ್ಖಾನೆಗಳಿಗೆ ಸೇರಿದವರು ಉಳಿದರು. ಮೈಸೂರಿನ ಹೆಬ್ಬಾಳು, ಹೂಟಗಳ್ಳಿಗೆ ಹೋದ ಮೂವರು ರೂಮು ಬಾಡಿಗೆ ಕೊಡಲಾಗದೆ ಊರಿಗೆ ವಾಪಸ್ ಬಂದರು. ರಾಡು, ಪ್ಲೇಟು, ಸಂಬಳ ಸೇರಿ 3.72 ಲಕ್ಷ. ತಲೆಗೆ 18,600 ಅನ್ನಿಸುತ್ತದೆ, ಆದರೆ ಕೆಲಸದಲ್ಲಿ ಉಳಿದ ಒಬ್ಬನಿಗೆ 41,000 ದಾಟುತ್ತದೆ. ದುಡ್ಡು ಕೊಡುವವರ ಮುಂದೆ ಈ ಎರಡನೇ ಅಂಕಿಯನ್ನೇ ಇಡಿ. ಮೊದಲ ತಿಂಗಳ ರೂಮು ಬಾಡಿಗೆಗೂ ಒಂದು ಸಾಲು ಸೇರಿಸಿ.