ರೀಫಂಡ್ ಬರುತ್ತದೆಂದು ಎರಡು ಸಾವಿರ ಕಳೆದು ಕಟ್ಟಿದ ಬಿಲ್

ಬಂದವರು ಶಾಲಾ ಶಿಕ್ಷಕಿ, ಜೊತೆಯಲ್ಲಿ ಪತಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕ ಸಲೀಸಾಗಲೆಂದು ಮೊತ್ತಗಳನ್ನೂ ಬಡ್ಡಿ ದರವನ್ನೂ ದುಂಡಗೆ ಮಾಡಿದ್ದೇನೆ. ಬ್ಯಾಂಕ್ ತಮಗೆ ಮೋಸ ಮಾಡಿದೆ ಎಂಬುದು ಅವರ ದೂರು. ಕ್ರೆಡಿಟ್ ಕಾರ್ಡ್ ಬಿಲ್ 40,000 ಬಂದಿತ್ತು. ಕೊನೆಯ ದಿನ ಮೀರದಂತೆ 38,000 ಕಟ್ಟಿದ್ದರು. ಉಳಿದ ಎರಡು ಸಾವಿರವೂ ಮೂರೇ ದಿನದಲ್ಲಿ ಜಮೆಯಾಗಿತ್ತು. ಆದರೂ ಮುಂದಿನ ಬಿಲ್‌ನಲ್ಲಿ 1,996 ಬಡ್ಡಿ ಬಿದ್ದಿದೆ.

“ಎರಡು ಸಾವಿರಕ್ಕೆ ಮೂರು ದಿನದ ಬಡ್ಡಿ ಎರಡು ಸಾವಿರವೇ?” ಎಂದು ಪತಿ ಕೇಳಿದರು. ಅವರ ಸಿಟ್ಟು ನ್ಯಾಯವೇ ಅನ್ನಿಸುವಂತಿತ್ತು. ಆದರೆ ಬಡ್ಡಿ ಬಿದ್ದದ್ದು ಆ ಎರಡು ಸಾವಿರಕ್ಕೆ ಮಾತ್ರ ಅಲ್ಲ.

ಮೊದಲು, ಎರಡು ಸಾವಿರ ಬಾಕಿ ಉಳಿದದ್ದೇಕೆ ಎಂದು ಕೇಳಿದೆ. ಹಣದ ಮುಗ್ಗಟ್ಟೇನೂ ಇರಲಿಲ್ಲ. ಕೊಂಡ ವಸ್ತುಗಳಲ್ಲಿ ಒಂದನ್ನು ಶಿಕ್ಷಕಿ ಹಿಂದಿರುಗಿಸಿದ್ದರು. ಅದರ ಎರಡು ಸಾವಿರ ಕಾರ್ಡಿಗೇ ವಾಪಸ್ ಬರುತ್ತದೆಂದು ಅಂಗಡಿಯವರು ಹೇಳಿದ್ದರು. ಹೇಗೂ ಬರುವ ಹಣವಲ್ಲವೇ ಎಂದು ಅದನ್ನು ತಾವೇ ಕಳೆದು ಉಳಿದದ್ದನ್ನು ಕಟ್ಟಿದರು. ಏಪ್ರಿಲ್ 25 ಕೊನೆಯ ದಿನ. ರೀಫಂಡ್ ಬಂದದ್ದು 28ಕ್ಕೆ. ಲೆಕ್ಕದಲ್ಲಿ ಇಷ್ಟು ಶಿಸ್ತಿನವರೇ ಈ ಬಲೆಗೆ ಬೀಳುವುದನ್ನು ನಾನು ಕಂಡಿದ್ದೇನೆ. ಅಸಡ್ಡೆಯವರು ಬೀಳುವ ಗುಂಡಿ ಬೇರೆ.

ಬಡ್ಡಿರಹಿತ ಅವಧಿ ಎಂದರೆ ಆ ದಿನಗಳಿಗೆ ಬಡ್ಡಿಯ ಲೆಕ್ಕವೇ ಇಲ್ಲ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅದು ಷರತ್ತಿನ ಮೇಲೆ ಸಿಗುವ ರಿಯಾಯಿತಿ. ಬಿಲ್‌ನ ಒಟ್ಟು ಮೊತ್ತ ಕೊನೆಯ ದಿನದೊಳಗೆ ಸಂದಾಯವಾದರೆ, ಖರೀದಿಯ ದಿನದಿಂದ ಆಗಬಹುದಾಗಿದ್ದ ಬಡ್ಡಿಯನ್ನು ಬ್ಯಾಂಕ್ ಹಾಕುವುದಿಲ್ಲ. ಒಂದು ರೂಪಾಯಿ ಕಡಿಮೆಯಾದರೂ ಷರತ್ತು ಮುರಿದಂತೆಯೇ. ಆಗ ಬಹುತೇಕ ಕಾರ್ಡುಗಳಲ್ಲಿ ಪ್ರತಿಯೊಂದು ಖರೀದಿಗೂ ಅದು ನಡೆದ ದಿನದಿಂದಲೇ ಬಡ್ಡಿ ಸೇರುತ್ತದೆ. ಕಾಸಿನಷ್ಟು ಬಾಕಿಯನ್ನು ಮನ್ನಿಸುವ ಬ್ಯಾಂಕುಗಳೂ ಇರಬಹುದು. ಒಪ್ಪಂದದಲ್ಲಿ ಹಾಗೆಂದು ಬರೆದಿರದಿದ್ದರೆ ಅದನ್ನು ನಂಬಿ ಕೂರಬಾರದು.

ಕಾಗದದ ಮೇಲೆ ಅವರ ಮುಂದೆಯೇ ಲೆಕ್ಕ ಹಾಕಿದೆ. ದರ ದಿನಕ್ಕೆ ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ, ಅಂದರೆ ವರ್ಷಕ್ಕೆ ಶೇ. 36.5. ಬಿಲ್ ತಯಾರಾಗುವುದು ಪ್ರತಿ ತಿಂಗಳ 5ರಂದು. ಮಾರ್ಚ್ 10ರಂದು 30,000ದ ಖರೀದಿ. ಅಲ್ಲಿಂದ ಅವರು ಹಣ ಕಟ್ಟಿದ ಏಪ್ರಿಲ್ 25ರವರೆಗೆ 46 ದಿನ, ಬಡ್ಡಿ 1,380. ಮಾರ್ಚ್ 25ರಂದು ಇನ್ನೊಂದು 10,000. ಅದಕ್ಕೆ 31 ದಿನ, 310. ಬಾಕಿ ಉಳಿದ ಎರಡು ಸಾವಿರಕ್ಕೆ ರೀಫಂಡ್ ಬರುವವರೆಗಿನ ಮೂರು ದಿನಕ್ಕೆ ಬರೀ 6. ಪತಿಯ ಮನಸ್ಸಿನಲ್ಲಿದ್ದ ಬಡ್ಡಿ ಈ ಆರು ಮಾತ್ರ.

ಇನ್ನೂ 300ರ ಲೆಕ್ಕ ಬಾಕಿ ಇದೆ. ಅದು ಬಂದದ್ದು ಹೊಸ ಖರೀದಿಯಿಂದ. ಏಪ್ರಿಲ್ 15ರಂದು ಅದೇ ಕಾರ್ಡಿನಲ್ಲಿ 15,000 ಖರ್ಚು ಮಾಡಿದ್ದರು. ಅದರ ಬಿಲ್ ಬರುವುದು ಮೇ 5ಕ್ಕೆ, ಕಟ್ಟಲು ಮೇ 25ರವರೆಗೆ ಕಾಲಾವಕಾಶವಿದೆ ಎಂದು ಅವರು ನಿಶ್ಚಿಂತರಾಗಿದ್ದರು. ಹಿಂದಿನ ಬಿಲ್ ಪೂರ್ತಿ ತೀರದಿದ್ದರೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಮೇ 5ರವರೆಗಿನ 20 ದಿನಕ್ಕೆ 300 ಸೇರಿತು. ಎಲ್ಲ ಕೂಡಿಸಿದರೆ 1,996. ಬ್ಯಾಂಕಿನ ಲೆಕ್ಕಕ್ಕೂ ನಮ್ಮದಕ್ಕೂ ತಾಳೆಯಾಯಿತು.

“ಕನಿಷ್ಠ ಮೊತ್ತಕ್ಕಿಂತ ಎಷ್ಟೋ ಪಟ್ಟು ಕಟ್ಟಿದ್ದೇವಲ್ಲ ಸರ್” ಎಂದರು ಶಿಕ್ಷಕಿ. ಕನಿಷ್ಠ ಮೊತ್ತ ಕಟ್ಟಿದ್ದರಿಂದ ವಿಳಂಬ ಶುಲ್ಕ ಬೀಳಲಿಲ್ಲ, ಸಾಲದ ದಾಖಲೆಯಲ್ಲಿ ಸುಸ್ತಿ ಎಂದು ಸೇರಲಿಲ್ಲ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಬಡ್ಡಿರಹಿತ ಅವಧಿಯನ್ನು ಉಳಿಸುವುದು ಒಟ್ಟು ಮೊತ್ತವೊಂದೇ. ಮೊಬೈಲ್ ಆ್ಯಪ್‌ಗಳಲ್ಲಿ ಇವೆರಡನ್ನೂ ಪಕ್ಕಪಕ್ಕದಲ್ಲೇ, ಒಂದೇ ತೂಕದ ಆಯ್ಕೆಗಳೆಂಬಂತೆ ತೋರಿಸುವುದು ನನಗಂತೂ ಸರಿಕಾಣುವುದಿಲ್ಲ.

ಅವರು ಬಂದದ್ದು ಮೇ 8ರಂದು. ಆಗ ಕಟ್ಟಬೇಕಿದ್ದದ್ದು 15,000 ಮತ್ತು ಬಡ್ಡಿ 1,996, ಒಟ್ಟು 16,996. ಮೇ 25ರವರೆಗೆ ಸಮಯವಿದೆ, ಸಂಬಳ ಬಂದ ಮೇಲೆ ಕಟ್ಟುತ್ತೇವೆ ಎಂದರು. ಬೇಡವೆಂದೆ. ಬಡ್ಡಿರಹಿತ ಅವಧಿ ಕೈತಪ್ಪಿದ ಮೇಲೆ ಕೊನೆಯ ದಿನದವರೆಗೆ ಕಾಯುವುದರಲ್ಲಿ ಲಾಭವಿಲ್ಲ, ಆ 15,000ಕ್ಕೆ ದಿನಕ್ಕೆ 15ರಂತೆ ಓಡುತ್ತಿದೆ. ಅಂದೇ ಕಟ್ಟಿದರೆ 5ರಿಂದೀಚೆಗೆ 45, ಇಪ್ಪತ್ತೈದಕ್ಕೆ ಕಟ್ಟಿದರೆ 300. ಉಳಿತಾಯ ಖಾತೆಯಲ್ಲಿ ಹಣವಿತ್ತು. ನನ್ನೆದುರೇ ಕಟ್ಟಿದರು.

ಜೊತೆಗೆ, ಬಡ್ಡಿಯ ಸಾಲು ಸೊನ್ನೆಗೆ ಬರುವವರೆಗೆ ಆ ಕಾರ್ಡನ್ನು ಬಳಸಬೇಡಿ ಎಂದು ಹೇಳಿದೆ. ಜೂನ್ ಬಿಲ್‌ನಲ್ಲಿ ಸಣ್ಣದೊಂದು ಬಡ್ಡಿ ಕಾಣಿಸುತ್ತದೆ, ಗಾಬರಿಯಾಗಬೇಡಿ ಎಂದೂ ಎಚ್ಚರಿಸಿದೆ. ಬಿಲ್ ತಯಾರಾದ ದಿನಕ್ಕೂ ಹಣ ಕಟ್ಟಿದ ದಿನಕ್ಕೂ ನಡುವಿನ ಬಡ್ಡಿ ಅದು. “ಪೂರ್ತಿ ಕಟ್ಟಿದರೂ ಮತ್ತೆ ಹಾಕಿದ್ದಾರೆ” ಎಂದು ಮುನಿಸಿಕೊಂಡು ಅದನ್ನು ಕಟ್ಟದೆ ಬಿಡುವವರಿದ್ದಾರೆ. ಬಿಟ್ಟರೆ ಮತ್ತೆ ಬಾಕಿ, ಮತ್ತೆ ಅದೇ ಸುತ್ತು. ಒಂದು ಬಿಲ್ ಪೂರ್ತಿ ತೀರಿಸಿದ ಕೂಡಲೇ ಕೆಲವು ಬ್ಯಾಂಕುಗಳು ಬಡ್ಡಿರಹಿತ ಅವಧಿಯನ್ನು ಮರಳಿ ಕೊಡುತ್ತವೆ, ಕೆಲವು ಎರಡು ಬಿಲ್ ಸತತವಾಗಿ ತೀರಬೇಕೆನ್ನುತ್ತವೆ. ಯಾವುದೆಂದು ಕೇಳಿ ತಿಳಿದುಕೊಳ್ಳಬೇಕು.

ರೀಫಂಡ್ ವಿಷಯದಲ್ಲಿ ನನ್ನ ಸಲಹೆ ನೇರವಾದದ್ದು. ಹಣ ಬಂದಿರಲಿ ಬಿಡಲಿ, ಬಿಲ್‌ನಲ್ಲಿ ಮುದ್ರಿತವಾದ ಒಟ್ಟು ಮೊತ್ತವನ್ನೇ ಕಟ್ಟಬೇಕು. ನಾವು ಹೆಚ್ಚು ಕಟ್ಟಿದಂತಾದರೆ ಅದು ಖಾತೆಯಲ್ಲಿ ಜಮೆಯಾಗಿಯೇ ಇದ್ದು ಮುಂದಿನ ಬಿಲ್‌ಗೆ ವಜಾ ಆಗುತ್ತದೆ. ಎರಡು ಸಾವಿರವನ್ನು ಕೆಲವು ದಿನ ಮುಂಗಡವಾಗಿ ಕೊಟ್ಟಿದ್ದರೆ 1,996 ಉಳಿಯುತ್ತಿತ್ತು.

ಬ್ಯಾಂಕ್ ನಿಯಮ ಮೀರಿರಲಿಲ್ಲವಾದ್ದರಿಂದ ದೂರು ಬೇಡ, ವಿನಂತಿ ಬರೆಯಿರಿ ಎಂದೆ. ವಸ್ತು ಹಿಂದಿರುಗಿಸಿದ ರಸೀದಿಯ ದಿನಾಂಕ ಏಪ್ರಿಲ್ 25ಕ್ಕಿಂತ ಮುಂಚಿನದು, ಹಿಂದೆ ಒಮ್ಮೆಯೂ ಬಾಕಿ ಉಳಿಸಿದವರಲ್ಲ. ಇವೆರಡನ್ನೂ ನಮೂದಿಸಿ, ರಸೀದಿಯ ಪ್ರತಿ ಲಗತ್ತಿಸಿ ಇಮೇಲ್ ಕಳುಹಿಸಿದರು. ಬ್ಯಾಂಕ್ ಹಾಗೆ ಬಿಟ್ಟುಕೊಡಲೇಬೇಕೆಂದಿಲ್ಲ. ಆದರೂ ಬಡ್ಡಿಯಲ್ಲಿ ಅರ್ಧ, 998, ಮುಂದಿನ ಬಿಲ್‌ನಲ್ಲಿ ಜಮೆಯಾಯಿತು.

ಹೊರಡುವ ಮುನ್ನ ಪತಿ ತಮ್ಮ ಕಾರ್ಡಿನ ಆ್ಯಪ್ ತೆರೆದು ತೋರಿಸಿದರು. ಸ್ವಯಂಚಾಲಿತ ಪಾವತಿ ಇಟ್ಟಿದ್ದೇನೆ, ನನಗೆ ಈ ತಾಪತ್ರಯವಿಲ್ಲ ಎಂಬ ನೆಮ್ಮದಿಯಲ್ಲಿದ್ದರು. ಆಯ್ಕೆ ಯಾವುದಿದೆ ನೋಡಿ ಎಂದೆ. ಕನಿಷ್ಠ ಮೊತ್ತ ಎಂದಿತ್ತು. ಅಲ್ಲೇ ಕುಳಿತು ಒಟ್ಟು ಮೊತ್ತಕ್ಕೆ ಬದಲಾಯಿಸಿ, ಅವರ ಹಿಂದಿನ ಬಿಲ್‌ಗಳಲ್ಲಿ ಬಡ್ಡಿಯ ಸಾಲನ್ನು ಹುಡುಕತೊಡಗಿದೆವು.