ತಾತನ ಫೋಟೋಗೆ ಶರ್ಟ್ ಹಾಕ್ಸೋಕೆ ಎಐ ಟೂಲ್ ಯಾಕೆ ಒಪ್ತಿಲ್ಲ?

ಪ್ರಶ್ನೆ: ತೀರ್ಕೊಂಡಿರೋ ತಾತನ ಫೋಟೋದಲ್ಲಿ ಬನಿಯನ್ ತೆಗೆದು ಶರ್ಟ್ ಹಾಕಿ ಅಂತ ಎಐ ಟೂಲಿಗೆ ಕೇಳಿದ್ರೆ ಬ್ಲಾಕ್ ಮಾಡ್ತಿದೆ, ಇದ್ರಲ್ಲಿ ತಪ್ಪೇನಿದೆ? ಬೇರೆ ಥರ ಬರೆದು ಕೇಳಿದ್ರೆ ಫಿಲ್ಟರಿಗೆ ಮೋಸ ಮಾಡಿದಂಗೆ ಆಗುತ್ತಾ?

ಉತ್ತರ:

ಹೆಚ್ಚಿನಂಶ ತೊಂದರೆ ಇರೋದು ಫೋಟೋದಲ್ಲಲ್ಲ, "ಬನಿಯನ್ ತೆಗೆದು" ಅನ್ನೋ ಎರಡು ಪದದಲ್ಲಿ. ಚಿಕ್ಕಬಳ್ಳಾಪುರದಲ್ಲಿ ನಮ್ಮದು ಫೋಟೋ ಸ್ಟುಡಿಯೋ, ತಿಥಿಗೆ ಫ್ರೇಮ್ ಹಾಕ್ಸೋಕೆ ತರೋ ಹಳೇ ಫೋಟೋಗಳಲ್ಲಿ ಬನಿಯನ್ ಹಾಕ್ಕೊಂಡಿರೋರು, ಬರೀ ಮೈಗೆ ಟವೆಲ್ ಹೊದ್ದಿರೋರು ತುಂಬಾ ಜನ ಇರ್ತಾರೆ, ಹೊಲದಲ್ಲೋ ರೇಷ್ಮೆ ಹುಳು ಸಾಕೋ ಮನೇಲೋ ಕೆಲಸ ಮಾಡ್ತಿದ್ದಾಗ ಯಾರೋ ತೆಗೆದಿದ್ದು, ಮುಖ ಚೆನ್ನಾಗಿ ಬಂದಿರೋದು ಅದೊಂದೇ. ಹಂಗಾಗಿ ಈ ಕೆಲಸ ನಮಗೆ ಬರ್ತಾನೇ ಇರುತ್ತೆ.

ಒಬ್ಬ ಮನುಷ್ಯನ ಫೋಟೋ, ಅದರ ಜೊತೆ ಬಟ್ಟೆ ಹೆಸರು, ಅದರ ಜೊತೆ ತೆಗಿ ಬಿಚ್ಚು ಅನ್ನೋ ಕ್ರಿಯಾಪದ. ಪರರ ಫೋಟೋ ಹಾಕಿ ಬೆತ್ತಲೆ ಚಿತ್ರ ಮಾಡೋ ಹಲ್ಕಟ್ ಕೆಲಸಕ್ಕೂ ಜನ ಇದೇ ಮೂರನ್ನ ಸೇರಿಸಿ ಬರೀತಾರೆ. ನೀವು ಯಾರು, ಫೋಟೋದಲ್ಲಿರೋರು ನಿಮಗೇನಾಗಬೇಕು ಅನ್ನೋದು ಪ್ರೋಗ್ರಾಮಿಗೆ ಕಾಣಲ್ಲ, ಎದುರಿಗಿರೋ ವಾಕ್ಯ ಮಾತ್ರ ಕಾಣುತ್ತೆ. ಒಂದು ಕೆಟ್ಟ ಚಿತ್ರ ಹೊರಗೆ ಹೋದ್ರೆ ಯಾರೋ ಒಬ್ಬ ಹೆಣ್ಣುಮಗಳ ಮಾನ ಹೋಗುತ್ತೆ, ಒಳ್ಳೇ ಚಿತ್ರ ಒಂದು ನಿಂತ್ರೆ ನಿಮಗೆ ಐದು ನಿಮಿಷ ಬೇಜಾರು ಅಷ್ಟೇ, ಅದಕ್ಕೇ ಮಾಡಿದೋರು ಅದನ್ನ ಬೇಕಂತಲೇ ಬಿಗಿಯಾಗಿ ಇಟ್ಟಿರ್ತಾರೆ. ನನ್ನ ಪ್ರಕಾರ ಅದು ಸರಿ ಕೂಡ.

ಇನ್ನೊಂದು ವಿಷಯ ಗೊತ್ತಿರಲಿ, ಟೂಲು ನಿಜವಾಗ್ಲೂ ಬನಿಯನ್ ಬಿಚ್ಚಿ ಆಮೇಲೆ ಶರ್ಟ್ ತೊಡಿಸಲ್ಲ. ಬನಿಯನ್ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತೇ ಇಲ್ಲ, ಆ ಜಾಗದಲ್ಲಿ ನೀವು ಹೇಳಿದ್ದನ್ನ ಹೊಸದಾಗಿ ಬರೆಯುತ್ತೆ ಅಷ್ಟೇ. ಅಂದ್ರೆ "ತೆಗೆದು" ಅನ್ನೋದು ನಿಮಗೆ ಬೇಕಾಗೇ ಇರದ, ಟೂಲು ಮಾಡದೇ ಇರೋ ಹೆಜ್ಜೆ. ಅದನ್ನ ಬಿಟ್ಟು ಕೊನೇಗೆ ಫೋಟೋ ಹೆಂಗಿರಬೇಕು ಅಂತ ಮಾತ್ರ ಬರೆದ್ರೆ ಏನೂ ಮುಚ್ಚಿಟ್ಟಂಗಾಗಲ್ಲ, ಮೊದಲಿಗಿಂತ ಸರಿಯಾಗಿ ಹೇಳಿದಂಗೇ ಆಗುತ್ತೆ. ನಾನು ಬರೆಯೋದು ಹಿಂಗೆ:

```
ಈ ಹಿರಿಯರಿಗೆ ಬಿಳಿ ಕಾಟನ್ ಶರ್ಟ್ ಹಾಕಿಸಿ. ತುಂಬು ತೋಳು,
ಕಾಲರ್ ಇರಲಿ, ಕುತ್ತಿಗೆವರೆಗೂ ಬಟನ್ ಹಾಕಿರಲಿ.
ಮುಖ, ಕೂದಲು, ಎಡ ಹೆಗಲಿನ ಟವೆಲ್, ಹಿಂದಿನ ಗೋಡೆ
ಈಗ ಇರುವಂತೆಯೇ ಇರಲಿ. ಮನೆಯಲ್ಲಿ ಇಡುವ ಶ್ರದ್ಧಾಂಜಲಿ ಫೋಟೋ.
```

ತುಂಬು ತೋಳು, ಕಾಲರ್, ಬಟನ್ ಅಂತ ಬಿಡಿಸಿ ಹೇಳೋದರಲ್ಲೇ ಅರ್ಧ ಕೆಲಸ ಇರೋದು. ಮೈ ಮುಚ್ಚೋ ಬಟ್ಟೆ ಕೇಳ್ತಿದೀರ ಅನ್ನೋದು ಫಿಲ್ಟರಿಗೂ ಸ್ಪಷ್ಟ ಆಗುತ್ತೆ, ಚಿತ್ರ ಬರೆಯೋ ಮಾಡೆಲ್ಲಿಗೂ ಅನುಮಾನ ಇರಲ್ಲ. ಕೊನೇ ಸಾಲಿನ ಕಾರಣ ಓದಿದ ತಕ್ಷಣ ಬಿಟ್ಟುಬಿಡುತ್ತೆ ಅಂತ ಅಂದ್ಕೋಬೇಡಿ, ಯಾರು ಬೇಕಾದ್ರೂ ಏನು ಕಾರಣ ಬೇಕಾದ್ರೂ ಬರೀಬಹುದಲ್ವಾ, ನಿಜ ಅನ್ನೋ ಕಾರಣಕ್ಕೆ ಬರೀರಿ.

ಇಷ್ಟಾದ್ರೂ ಬ್ಲಾಕ್ ಆದ್ರೆ ಎಲ್ಲಿ ಆಗ್ತಿದೆ ನೋಡ್ಕೋಬೇಕು, ಯಾಕಂದ್ರೆ ಸಾಮಾನ್ಯವಾಗಿ ತಪಾಸಣೆ ಒಂದೇ ಕಡೆ ಇರಲ್ಲ. ನೀವು ಬರೆದಿದ್ದನ್ನ ಒಂದು ನೋಡುತ್ತೆ, ಅಪ್‌ಲೋಡ್ ಮಾಡಿದ ಫೋಟೋನ ಇನ್ನೊಂದು, ತಯಾರಾದ ಚಿತ್ರವನ್ನ ಮತ್ತೊಂದು. ಚಿತ್ರ ಶುರುವಾಗೋಕೂ ಮುಂಚೆ ಆಗಲ್ಲ ಅಂದ್ರೆ ಬಹುತೇಕ ಮಾತು ಇಲ್ಲಾ ಫೋಟೋ ಅಂತ ಇಟ್ಕೊಳ್ಳಿ. ಅದೇ ಫೋಟೋ ಹಾಕಿ "ಹಿಂದಿನ ಗೋಡೆ ತಿಳಿ ನೀಲಿ ಮಾಡಿ" ಅಂತ ಕೇಳಿ ನೋಡಿ, ಅದು ಆದ್ರೆ ಫೋಟೋ ಸರಿ ಇದೆ, ಮಾತಿನದ್ದೇ ಸಮಸ್ಯೆ. ಅದೂ ಆಗ್ಲಿಲ್ಲ ಅಂದ್ರೆ ಫೋಟೋನೇ ತಡೀತಿದೆ, ಆಗ ಎಷ್ಟು ವಾಕ್ಯ ಬದಲಾಯಿಸಿದ್ರೂ ಪ್ರಯೋಜನ ಇಲ್ಲ.

ಸ್ವಲ್ಪ ಹೊತ್ತು ಓಡಿ ಕೊನೇಲಿ ನಿಂತ್ರೆ, ಇಲ್ಲಾ ಬರೀ ಕಪ್ಪು ಚಿತ್ರ ಬಂದ್ರೆ, ಅದು ಬಹುತೇಕ ತಯಾರಾದ ಚಿತ್ರದ ಮೇಲಿನ ಫಿಲ್ಟರು. ಸ್ಟೇಬಲ್ ಡಿಫ್ಯೂಷನ್ ಅನ್ನೋ ಚಿತ್ರ ಬರೆಯೋ ಮಾಡೆಲ್ ಜೊತೆ ಬಂದಿದ್ದ ಸೇಫ್ಟಿ ಚೆಕರ್ ಇಂಥದ್ದೇ, ಬಂದ ಚಿತ್ರ ಒಳಗೆ ಇಟ್ಕೊಂಡಿರೋ 17 ಲೈಂಗಿಕ ವಿಷಯಗಳಿಗೆ ಎಷ್ಟು ಹತ್ರ ಇದೆ ಅಂತ ಅಳೆದು, ಯಾವುದಕ್ಕಾದ್ರೂ ಮಿತಿ ದಾಟಿದ್ರೆ ಕಪ್ಪು ಮಾಡುತ್ತೆ. ಮಕ್ಕಳಿಗೆ ಸಂಬಂಧಿಸಿದ್ದು ಬೇರೆ 3 ಇವೆ, ಅದಕ್ಕೆ ಹತ್ರ ಅನ್ಸಿದ್ರೆ ಆ 17ರ ಮಿತಿನ ಇನ್ನೂ ಬಿಗಿ ಮಾಡುತ್ತೆ. ಇದು ಹೋಲಿಕೆ ನೋಡೋದೇ ಹೊರತು ಅರ್ಥ ಮಾಡ್ಕೊಳ್ಳೋದಲ್ಲ, ಅದಕ್ಕೇ ಮೈ ಬಣ್ಣದ ರೇಷ್ಮೆ ಬ್ಲೌಸ್ ಹಾಕಿರೋ ಮದುವೆ ಹುಡುಗಿ ಫೋಟೋ ಕೂಡ ಒಂದೊಂದು ಸಲ ಸಿಕ್ಕಾಕೊಳ್ಳುತ್ತೆ.

ನಿಮ್ಮಂಥ ಫೋಟೋದಲ್ಲಿ ಈ ಕೊನೇ ಫಿಲ್ಟರ್ ಹಿಡಿಯೋಕೆ ಮಾಮೂಲಿ ಕಾರಣ ಸೆಲೆಕ್ಷನ್ ತಪ್ಪಾಗಿರೋದು. ಬ್ರಷ್ ಹಿಡಿದು ಬನಿಯನ್ ಮಾತ್ರ ಅಂಚಿಗೆ ಸರಿಯಾಗಿ ಸೆಲೆಕ್ಟ್ ಮಾಡ್ತಾರೆ, ಆಗ ಶರ್ಟಿನ ತೋಳು ಬರೋಕೆ ಜಾಗನೇ ಇರಲ್ಲ, ತೋಳಿಲ್ಲದ ಏನೋ ಒಂದು ಬಟ್ಟೆ, ಹೆಗಲು ತೋಳು ಎಲ್ಲಾ ಬರೀ ಮೈ, ಅಂಥ ಚಿತ್ರ ಬರುತ್ತೆ. ಕುತ್ತಿಗೆ ಕೆಳಗಿಂದ ಸೊಂಟದವರೆಗೆ, ಎರಡೂ ತೋಳು ಮಣಿಕಟ್ಟಿನವರೆಗೆ ಸೇರಿಸಿ ಸೆಲೆಕ್ಟ್ ಮಾಡಿ, ಮುಖ, ಹೆಗಲಿನ ಟವೆಲ್ ಮುಟ್ಟಬೇಡಿ. ಸೆಲೆಕ್ಟ್ ಮಾಡಿದ ಜಾಗ ಎಷ್ಟು ಬದಲಾಗಬೇಕು ಅಂತ ಹೇಳೋ ಡಿನಾಯ್ಸಿಂಗ್ ಸ್ಟ್ರೆಂತ್ ಅನ್ನೋ ಆಯ್ಕೆ ಇರೋ ಟೂಲ್ ಆದ್ರೆ 0.4 ಹತ್ರ ಇಟ್ರೆ ಹಳೇ ಮೈ ಬಣ್ಣ, ಬನಿಯನ್ ಆಕಾರ ಹಂಗೇ ಉಳ್ಕೊಂಡು ಶರ್ಟ್ ಅರೆಬರೆ ಪಾರದರ್ಶಕ ಥರ ಕಾಣುತ್ತೆ, 0.8ರ ಮೇಲೆ ಇಟ್ರೆ ಬಟ್ಟೆ ಪೂರ್ತಿ ಹೊಸದಾಗಿ ಬರುತ್ತೆ. ಇಂಥ ಕಡೆ ಫಿಲ್ಟರ್ ಹೇಳಿದ್ದು ಒಂದು ಲೆಕ್ಕದಲ್ಲಿ ಸರಿನೇ, ಚಿತ್ರ ನಿಜವಾಗ್ಲೂ ಕೆಟ್ಟು ಬಂದಿರುತ್ತೆ.

ಇನ್ನು ಮೋಸದ ವಿಷಯ. ನಾನು ನೋಡೋದು ಇಷ್ಟೇ, ಬರೆದಿದ್ದನ್ನ ಫೋಟೋದಲ್ಲಿರೋರ ಮುಂದೆ, ಅವರಿಲ್ಲದಿದ್ರೆ ಅವರ ಮನೆಯವರ ಮುಂದೆ ಗಟ್ಟಿಯಾಗಿ ಓದಿದ್ರೆ, ಅವರು ಏನು ಅಂದ್ಕೋತಾರೋ ಅದೇ ಚಿತ್ರ ಕೊನೇಗೆ ಬರಬೇಕು. ಮೇಲಿನ ತಾತನ ಸಾಲು ಅಜ್ಜಿ ಮುಂದೆ ಓದಬಹುದು. ಅದೇ ಅಕ್ಷರ ತಿರುಚಿ ಬರೆಯೋದು, ಕಲಾ ವಿದ್ಯಾರ್ಥಿ ಅಂತ ಸುಳ್ಳು ಹೇಳೋದು, ಒಂದೊಂದೇ ಇಂಚು ಬಟ್ಟೆ ಚಿಕ್ಕದು ಮಾಡ್ತಾ ಹೋಗೋದು, ಇವೆಲ್ಲ ಉದ್ದೇಶ ಬಚ್ಚಿಡೋ ಕೆಲಸ, ಅದಕ್ಕೆ ನನ್ನ ಹತ್ರ ಸಲಹೆ ಇಲ್ಲ. ಒಂದ್ಸಲ ಒಬ್ಬ ಹುಡುಗ ಯಾವುದೋ ಹುಡುಗಿ ಫೋಟೋ ತಂದು ಡ್ರೆಸ್ ಸ್ವಲ್ಪ ಮಾಡರ್ನ್ ಮಾಡಿಕೊಡಿ ಅಂದ, ಅವರನ್ನೇ ಕರ್ಕೊಂಡು ಬಾಪ್ಪ ಅಂದೆ, ಮತ್ತೆ ಬರಲಿಲ್ಲ.

ಮಕ್ಕಳ ಫೋಟೋ ಆದ್ರೆ ಬ್ಲಾಕ್ ಆದ ಮೇಲೆ ಎಐ ಟೂಲಲ್ಲಿ ಮತ್ತೆ ಮತ್ತೆ ಕೇಳೋಕೆ ಹೋಗ್ಬೇಡಿ. ಅಕೌಂಟೇ ನಿಲ್ಲಿಸೋ ಸಾಧ್ಯತೆ ಇರುತ್ತೆ, ಅದೂ ಅಲ್ದೆ ಅಲ್ಲಿ ಬಿಗಿ ಇರಲೇಬೇಕು. ಯೂನಿಫಾರ್ಮ್ ಬಣ್ಣ ಬದಲಾಯಿಸೋದು ಅಷ್ಟೇ ಇದ್ರೆ ಫೋಟೋಶಾಪಲ್ಲೋ ಪುಕ್ಕಟೆ ಸಿಗೋ ಗಿಂಪಲ್ಲೋ ಬಟ್ಟೆ ಸೆಲೆಕ್ಟ್ ಮಾಡಿ ಹ್ಯೂ-ಸ್ಯಾಚುರೇಷನ್ ತಿರುಗಿಸಿದ್ರೆ ಆಯ್ತು.

ತಾತನ ಫೋಟೋಗೂ ಆ ದಾರಿ ಇದೆ. ಪಾಸ್‌ಪೋರ್ಟ್ ಸೈಜ್ ಫೋಟೋಗೆ ಕೋಟು ಅಂಟಿಸೋ ಹಾಗೆ ಶರ್ಟಿನ ಟೆಂಪ್ಲೇಟ್ ಯಾವ ಸ್ಟುಡಿಯೋದಲ್ಲಾದ್ರೂ ಇರುತ್ತೆ. ಇಲ್ಲಾಂದ್ರೆ ಮನೇಲಿ ಅದೇ ಮೈಕಟ್ಟಿನೋರು ಯಾರಾದ್ರೂ ಇದ್ರೆ ಬಿಳಿ ಶರ್ಟ್ ಹಾಕಿ ಕೂರಿಸಿ, ಹಳೇ ಫೋಟೋದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿದ್ರೆ ಇವರನ್ನೂ ಹಂಗೇ ಕಿಟಕಿ ಪಕ್ಕ ಕೂರಿಸಿ ಒಂದು ಫೋಟೋ ತೆಗೆದು ಸ್ಟುಡಿಯೋಗೆ ಎರಡೂ ಕೊಡಿ. ಕುತ್ತಿಗೆ ಹತ್ರ ಕಾಲರ್ ನೆರಳು ಒಂದು ಸರಿಯಾಗಿ ಕೂರಿಸಿ ಅಂತ ಹೇಳಿ, ಅದು ತಪ್ಪಿದ್ರೆ ತಲೆ ತಂದು ಅಂಟಿಸಿದಂಗೆ ಕಾಣುತ್ತೆ.